ಪದವಿ ಪ್ರಮಾಣಪತ್ರ ಕಳೆದುಹೋಯಿತೇ? ಕುಲಸಚಿವರಿಗೆ ಪತ್ರ ಬರೆಯುವ ಬಗೆ: ಕೊಡಗಿನ ಪದವೀಧರರಿಗೆ

ಕುಲಸಚಿವರ ಹೆಸರಿಗೆ ನೀವು ಬರೆಯುವ ಪತ್ರವನ್ನು ಮೊದಲು ಓದುವವರು ಕುಲಸಚಿವರಲ್ಲ. ಅದು ಟಪಾಲು ಶಾಖೆಯಲ್ಲಿ ಮೊಹರು ಬಿದ್ದು, ಪರೀಕ್ಷಾ ವಿಭಾಗದ ಒಬ್ಬ ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ. ಅವರ ಮುಂದೆ ಇರುವ ಕೆಲಸ ಎರಡೇ. ಹಳೆಯ ದಾಖಲೆಯಲ್ಲಿ ನಿಮ್ಮನ್ನು ಹುಡುಕಬೇಕು. ಪ್ರಮಾಣಪತ್ರ ನಿಜವಾಗಿಯೂ ಕಳೆದುಹೋಗಿದೆ ಎಂಬ ಮಾತಿಗೆ ಕಾಗದದ ಆಧಾರ ಇದೆಯೇ ಎಂದು ನೋಡಬೇಕು. ಈ ಎರಡಕ್ಕೂ ನೆರವಾಗದ ವಾಕ್ಯ ಪತ್ರದಲ್ಲಿ ಎಷ್ಟೇ ವಿನಯವಾಗಿದ್ದರೂ ಅದರಿಂದ ಕೆಲಸ ಒಂದಿಂಚೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಪತ್ರಕ್ಕಿಂತ ಮೊದಲು ಅದಕ್ಕೆ ಬೇಕಾದ ಸಂಗತಿಗಳನ್ನು ಕೂಡಿಸಿಕೊಳ್ಳೋಣ. ಪತ್ರ ಆಮೇಲೆ ತಾನಾಗಿ ಬರುತ್ತದೆ.

ಯಾವ ವಿಶ್ವವಿದ್ಯಾನಿಲಯದ ಕುಲಸಚಿವರು?

ಬೇರೆ ಜಿಲ್ಲೆಯವರಿಗೆ ಇದು ಪ್ರಶ್ನೆಯೇ ಅಲ್ಲದಿರಬಹುದು. ಕೊಡಗಿನಲ್ಲಿ ಮಾತ್ರ ಒಂದೇ ಮನೆಯ ಮೂರು ತಲೆಮಾರಿನವರು, ಒಂದೇ ಕಾಲೇಜಿನಲ್ಲಿ ಓದಿಯೂ, ಮೂರು ವಿಶ್ವವಿದ್ಯಾನಿಲಯಗಳ ಪದವೀಧರರಾಗಿರಬಹುದು. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೂ ಹಿಂದೆ ಮಡಿಕೇರಿ, ವಿರಾಜಪೇಟೆ ಕಡೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 2023ರಲ್ಲಿ ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಕೊಡಗು ವಿಶ್ವವಿದ್ಯಾನಿಲಯ ಶುರುವಾಯಿತು. ಈ ನಡುವಿನ ನಾಲ್ಕು ದಶಕಗಳಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರ ಪದವಿ ಮಂಗಳೂರಿನದು. ಹತ್ತಿರದಲ್ಲೇ ವಿಶ್ವವಿದ್ಯಾನಿಲಯ ಬಂದಿದೆಯಲ್ಲ ಎಂದು ಅವರು ಚಿಕ್ಕ ಅಳುವಾರಕ್ಕೆ ಅರ್ಜಿ ಕೊಟ್ಟರೆ ಪ್ರಯೋಜನವಿಲ್ಲ. ಪದವಿ ಕೊಟ್ಟವರೇ ಅದರ ಎರಡನೇ ಪ್ರತಿಯನ್ನೂ ಕೊಡಬೇಕು.

ವೃತ್ತಿ ಕೋರ್ಸಿನವರ ದಾರಿ ಬೇರೆ. ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬರೆಯಬೇಕು. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಹಳೆಯ ಬ್ಯಾಚುಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವು, ಈಚಿನವು ಶಿವಮೊಗ್ಗದ ಕೃಷಿ ವಿಶ್ವವಿದ್ಯಾನಿಲಯದವು. ವಿಶ್ವವಿದ್ಯಾನಿಲಯ ಬದಲಾದ ವರ್ಷದ ಆಸುಪಾಸಿನ ಬ್ಯಾಚಿನವರು ಊಹೆ ಮಾಡದೆ ಕೊನೆಯ ವರ್ಷದ ಅಂಕಪಟ್ಟಿಯ ತಲೆಯಲ್ಲಿ ಯಾರ ಹೆಸರಿದೆಯೆಂದು ನೋಡಿಕೊಳ್ಳುವುದೇ ಸರಿ.

ಇನ್ನೊಂದು ವಿಷಯ. ಕರ್ನಾಟಕದ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಕುಲಸಚಿವರು ಇಬ್ಬರಿರುತ್ತಾರೆ. ಒಬ್ಬರು ಆಡಳಿತ ನೋಡುತ್ತಾರೆ, ಇನ್ನೊಬ್ಬರು ಪರೀಕ್ಷೆ, ಅಂಕಪಟ್ಟಿ, ಪದವಿ ಪ್ರಮಾಣಪತ್ರ. ಎರಡನೆಯವರನ್ನು ಕೆಲವೆಡೆ ಕುಲಸಚಿವರು (ಮೌಲ್ಯಮಾಪನ) ಎಂದೂ, ಮಂಗಳೂರಿನಲ್ಲಿ ಕುಲಸಚಿವರು (ಪರೀಕ್ಷಾಂಗ) ಎಂದೂ ಕರೆಯುತ್ತಾರೆ. ನಿಮ್ಮ ಪತ್ರ ಹೋಗಬೇಕಾದ್ದು ಇವರಿಗೆ. ಬರೀ ‘ಕುಲಸಚಿವರು’ ಎಂದು ಬರೆದರೆ ಪತ್ರ ಆಡಳಿತ ವಿಭಾಗಕ್ಕೆ ಹೋಗಿ, ಅಲ್ಲಿಂದ ಒಂದು ಟಿಪ್ಪಣಿಯೊಡನೆ ಪರೀಕ್ಷಾ ವಿಭಾಗಕ್ಕೆ ಬರುತ್ತದೆ. ಕಳೆದುಹೋಗುವುದಿಲ್ಲ, ತಡವಾಗುತ್ತದೆ.

ಕಳೆದದ್ದು ಏನು? ಕಳೆದದ್ದೇ ಹೌದೇ?

ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಕೊಡಿ. ‘ಡಿಗ್ರಿ ಸರ್ಟಿಫಿಕೇಟು ಕಳೆದಿದೆ’ ಎನ್ನುವ ಎಷ್ಟೋ ಜನರ ಬಳಿ ಅದು ಯಾವತ್ತೂ ಇರಲೇ ಇಲ್ಲ. ಪರೀಕ್ಷೆ ಪಾಸಾದ ಮೇಲೆ ಅಂಕಪಟ್ಟಿ ಬಂತು, ತಾತ್ಕಾಲಿಕ ಪದವಿ ಪ್ರಮಾಣಪತ್ರ ಬಂತು, ಕೆಲಸ ಸಿಕ್ಕಿತು. ಘಟಿಕೋತ್ಸವಕ್ಕೆ ಅರ್ಜಿ ಹಾಕಿದ್ದು, ಹಾಕದಿದ್ದದ್ದು ಮರೆತೇಹೋಯಿತು. ಇಪ್ಪತ್ತು ವರ್ಷದ ಮೇಲೆ ಯಾರೋ ‘ಕಾನ್ವೊಕೇಷನ್ ಸರ್ಟಿಫಿಕೇಟ್ ತನ್ನಿ’ ಎಂದಾಗ ಬೀರು ಹುಡುಕಿ, ಇಲ್ಲದ್ದನ್ನು ಕಂಡು, ಕಳೆದುಹೋಗಿದೆ ಎಂದು ತೀರ್ಮಾನಿಸುತ್ತಾರೆ.

ಪಡೆದೇ ಇಲ್ಲದಿದ್ದರೆ ನಿಮಗೆ ಬೇಕಾದ್ದು ದ್ವಿಪ್ರತಿಯಲ್ಲ, ಮೂಲಪ್ರತಿಯೇ. ಅದರ ಅರ್ಜಿ ಬೇರೆ, ಶುಲ್ಕ ಬೇರೆ, ಪೊಲೀಸ್ ಠಾಣೆಯ ಗೊಡವೆಯಂತೂ ಇಲ್ಲವೇ ಇಲ್ಲ. ಅಷ್ಟೇ ಅಲ್ಲ, ಪಡೆಯದ ಪ್ರಮಾಣಪತ್ರವನ್ನು ಕಳೆದುಕೊಂಡೆನೆಂದು ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟರೆ ಅದು ಸುಳ್ಳು ಪ್ರಮಾಣ. ಆದ್ದರಿಂದ ಮೊದಲು ಓದಿದ ಕಾಲೇಜಿನ ಕಚೇರಿಗೆ ಹೋಗಿ. ಅರ್ಜಿ ಹಾಕಿ ತೆಗೆದುಕೊಳ್ಳಲು ಬಾರದವರ ಪ್ರಮಾಣಪತ್ರಗಳು ಅಲ್ಲೇ ಬೀರುವಿನಲ್ಲಿ ಉಳಿದಿರುವುದುಂಟು. ಹೋದಾಗ ವಿತರಣಾ ವಹಿಯಲ್ಲಿ ನಿಮ್ಮ ಸಹಿ ಇದೆಯೇ ಎಂದು ನೋಡುವಂತೆ ಕೇಳಿ. ಸಹಿ ಇದ್ದರೆ ನೀವು ಪಡೆದಿದ್ದೀರಿ. ಆಗ ಮಾತ್ರ ಮುಂದಿನ ಹಾದಿ.

ಹಾಳಾಗಿರುವುದೂ ಕಳೆದುಹೋಗಿರುವುದೂ ಒಂದಲ್ಲ. ನಮ್ಮ ಮಳೆಗಾಲದಲ್ಲಿ ಟ್ರಂಕಿನೊಳಗಿನ ಕಾಗದಕ್ಕೆ ಬೂಷ್ಟು ಹಿಡಿದು ಅಕ್ಷರ ಅಳಿಸುವುದು, ಗೆದ್ದಲು ತಿನ್ನುವುದು ಹೊಸತಲ್ಲ. ಹೆಸರೋ ಸಂಖ್ಯೆಯೋ ಕಾಣುವ ಒಂದು ಚೂರು ಉಳಿದಿದ್ದರೂ ಅದನ್ನು ಎಸೆಯಬೇಡಿ. ಉಳಿದ ಭಾಗವನ್ನು ಒಪ್ಪಿಸಿ ಹೊಸ ಪ್ರತಿ ಕೇಳುವುದು, ಏನೂ ಇಲ್ಲದೆ ಕೇಳುವುದಕ್ಕಿಂತ ಸುಲಭ. 2018ರ ಆಗಸ್ಟಿನ ಭೂಕುಸಿತದಲ್ಲೋ 2019ರ ಪ್ರವಾಹದಲ್ಲೋ ಮನೆಯ ಜೊತೆ ಕಾಗದಪತ್ರವೂ ಹೋದವರು ಇನ್ನೂ ಕೆಲವರು ಅರ್ಜಿ ಹಾಕದೆ ಉಳಿದಿದ್ದಾರೆ. ಅವರು ಮನೆ ಹಾನಿಯ ಬಗ್ಗೆ ಕಂದಾಯ ಇಲಾಖೆಯವರು ಆಗ ಮಾಡಿದ ಮಹಜರಿನ ಅಥವಾ ಪರಿಹಾರ ಮಂಜೂರಾತಿ ಆದೇಶದ ಪ್ರತಿಯನ್ನು ಜೊತೆಗಿಡಬೇಕು. ಕಳೆದ ದಿನಾಂಕಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಇನ್ನು, ಮೂಲ ಪ್ರಮಾಣಪತ್ರ ಹಳೆಯ ಉದ್ಯೋಗದಾತರ ಬಳಿಯೋ ಸಾಲ ಕೊಟ್ಟವರ ಬಳಿಯೋ ಇದ್ದರೆ ಅದು ಕಳೆದುಹೋದದ್ದಲ್ಲ. ವಾಪಸು ಕೇಳುವ ಜಗಳ ಬೇಡವೆಂದು ದ್ವಿಪ್ರತಿಗೆ ಅರ್ಜಿ ಹಾಕುವವರಿದ್ದಾರೆ. ಯಾರಲ್ಲಿಯೂ ಒತ್ತೆ ಇಟ್ಟಿಲ್ಲ ಎಂದು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕಾಗುತ್ತದೆ ಎಂಬುದನ್ನು ಅಂಥವರು ಮೊದಲೇ ಯೋಚಿಸಲಿ.

ಈಚಿನ ವರ್ಷಗಳಲ್ಲಿ ಪಾಸಾದವರು ಡಿಜಿಲಾಕರ್ ತೆರೆದು ನೋಡುವುದು ಒಳ್ಳೆಯದು. ಪದವಿ ಅಲ್ಲಿದ್ದರೆ ಅನೇಕ ಕೆಲಸಗಳಿಗೆ ಅದೇ ಸಾಕು, ಕಾಗದದ ಪ್ರತಿಗೆ ಓಡಾಡುವ ಆತುರ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ದೇಚಮ್ಮ ಎಂಬವರೊಬ್ಬರು ಎಂದಿಟ್ಟುಕೊಳ್ಳಿ. ಕಲ್ಪಿತ ಹೆಸರು, ಆದರೆ ಕಥೆ ನಮ್ಮ ಕಡೆ ನೂರು ಮನೆಯಲ್ಲಿ ಕಾಣುವಂಥದ್ದು. ಗೋಣಿಕೊಪ್ಪಲಿನಲ್ಲಿ ಓದಿ 2004ರ ಏಪ್ರಿಲ್‌ನಲ್ಲಿ ಬಿ.ಕಾಂ. ಮುಗಿಸಿದರು. ಘಟಿಕೋತ್ಸವಕ್ಕೆ ಹೋಗದೆ, ಗೈರುಹಾಜರಿಯಲ್ಲಿ ಪದವಿ ಪ್ರಮಾಣಪತ್ರ ಪಡೆದರು. ಆಗ ಅವರ ಹೆಸರು ದೇಚಮ್ಮ ಎಂ.ಪಿ.; ಮದುವೆಯಾದ ಮೇಲೆ ದೇಚಮ್ಮ ಕೆ.ಬಿ. 2024ರ ಮೇನಲ್ಲಿ ಗೋಣಿಕೊಪ್ಪಲಿನ ಮನೆ ಬಿಟ್ಟು ಕುಶಾಲನಗರಕ್ಕೆ ಬಂದರು. 2025ರ ಸೆಪ್ಟೆಂಬರ್ 9ರಂದು ಒಂದು ಶಾಲೆಯ ಉದ್ಯೋಗಕ್ಕೆ ದಾಖಲೆ ಜೋಡಿಸುವಾಗ ಫೈಲಿನಲ್ಲಿ ಅಂಕಪಟ್ಟಿಗಳಿವೆ, ಪದವಿ ಪ್ರಮಾಣಪತ್ರ ಇಲ್ಲ. ಜೆರಾಕ್ಸ್ ಕೂಡ ಇಲ್ಲ.

ಅವರಿಗೆ ಸಿಗುವ ಮೊದಲ ಸಲಹೆ ಏನೆಂದು ಊಹಿಸಬಹುದು. ‘ಬಸ್ಸಲ್ಲಿ ಹೋಗುವಾಗ ಬಿದ್ದುಹೋಯ್ತು ಅಂತ ಬರೆದುಬಿಡಿ ಅಕ್ಕಾ, ಸಲೀಸಾಗ್ತದೆ.’ ಸಲೀಸೇನೂ ಆಗುವುದಿಲ್ಲ. ಬಸ್ಸು ಎಂದರೆ ಯಾವ ದಿನ, ಯಾವ ಊರಿನಿಂದ ಯಾವ ಊರಿಗೆ ಎಂಬ ವಿವರ ಬೇಕಾಗುತ್ತದೆ. ಠಾಣೆಯಲ್ಲಿ ಒಂದು, ನೋಟರಿ ಬಳಿ ಇನ್ನೊಂದು ಹೇಳಿ ಸಿಕ್ಕಿಬೀಳುತ್ತೀರಿ. ಯಾವತ್ತು ಕಳೆಯಿತೆಂದು ಗೊತ್ತಿಲ್ಲದಿರುವುದು ಅಪರಾಧವಲ್ಲ. ಅದನ್ನು ಹಾಗೆಯೇ ಹೇಳುವ ಕ್ರಮವಿದೆ: ಕೊನೆಯ ಸಲ ಯಾವಾಗ ಕಂಡಿರಿ, ಇಲ್ಲವೆಂದು ಯಾವಾಗ ತಿಳಿಯಿತು. ದೇಚಮ್ಮನವರಿಗೆ ಮನೆ ಖಾಲಿ ಮಾಡುವಾಗ ಫೈಲಿಗೆ ಹಾಕಿದ ನೆನಪಿದೆ. ಆದ್ದರಿಂದ ಅವರ ವಾಕ್ಯ ಹೀಗೆ: ‘2024ರ ಮೇ ತಿಂಗಳಿನಲ್ಲಿ ಗೋಣಿಕೊಪ್ಪಲಿನಿಂದ ಕುಶಾಲನಗರಕ್ಕೆ ಮನೆ ಬದಲಾಯಿಸಿದ ಸಂದರ್ಭದಲ್ಲಿ ಕಳೆದುಹೋಗಿದ್ದು, ದಿನಾಂಕ 09-09-2025ರಂದು ನನ್ನ ಗಮನಕ್ಕೆ ಬಂದಿರುತ್ತದೆ.’

ಈ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪೊಲೀಸರಿಗೆ, ನೋಟರಿಗೆ, ಕುಲಸಚಿವರಿಗೆ ಕೊಡುವ ಮೂರೂ ಕಾಗದಗಳಲ್ಲಿ ಇದು ಅಕ್ಷರ ಬದಲಾಗದೆ ಬರಬೇಕು. ವಿಷಯ ನಿರ್ವಾಹಕರು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದುವುದು. ಒಂದರಲ್ಲಿ ‘ಪ್ರಯಾಣದಲ್ಲಿ’, ಇನ್ನೊಂದರಲ್ಲಿ ‘ಮನೆಯಲ್ಲಿ’ ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಠಾಣೆ ಮತ್ತು ನೋಟರಿ

ಕಳವಾಗಿದ್ದರೆ ಮಾತ್ರ ಎಫ್‌ಐಆರ್. ಬರೀ ಕಳೆದುಹೋಗಿದ್ದರೆ ಪೊಲೀಸರು ಎಫ್‌ಐಆರ್ ಹಾಕುವುದಿಲ್ಲ, ಹಾಕಿ ಎಂದು ಹಟ ಹಿಡಿಯುವುದರಲ್ಲಿ ಅರ್ಥವೂ ಇಲ್ಲ. ನಿಮಗೆ ಬೇಕಾದ್ದು ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಮತ್ತು ಹುಡುಕಿದರೂ ಪತ್ತೆಯಾಗಿಲ್ಲ ಎಂಬ ಹಿಂಬರಹ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ವರದಿ ದಾಖಲಿಸಿ ಡಿಜಿಟಲ್ ಪ್ರತಿ ಪಡೆಯಲೂಬಹುದು. ಯಾವುದನ್ನು ಒಪ್ಪುತ್ತಾರೆಂಬುದು ವಿಶ್ವವಿದ್ಯಾನಿಲಯದ ಅರ್ಜಿ ನಮೂನೆಯಲ್ಲೇ ಇರುತ್ತದೆ. ‘ಪೊಲೀಸ್ ಹಿಂಬರಹ’ ಎಂದೇ ಕೇಳಿದ್ದರೆ ಠಾಣೆಗೇ ಹೋಗಿ ಮೊಹರು ಹಾಕಿಸಿಕೊಂಡು ಬನ್ನಿ. ದೂರಿನಲ್ಲಿ ‘ಕಾಲೇಜಿನ ದಾಖಲೆಗಳು’ ಎಂದು ಬರೆಯಬೇಡಿ. ವಿಶ್ವವಿದ್ಯಾನಿಲಯದ ಹೆಸರು, ಪದವಿ, ನೋಂದಣಿ ಸಂಖ್ಯೆ, ವರ್ಷ ಎಲ್ಲವೂ ಬರಬೇಕು, ಏಕೆಂದರೆ ಪೊಲೀಸರು ಹಿಂಬರಹದಲ್ಲಿ ನಿಮ್ಮ ದೂರಿನ ಮಾತನ್ನೇ ಎತ್ತಿ ಬರೆಯುತ್ತಾರೆ.

ಅಫಿಡವಿಟ್ ಇ-ಸ್ಟ್ಯಾಂಪ್ ಕಾಗದದ ಮೇಲೆ. ಕೊಳ್ಳುವಾಗ ಮೊದಲ ಪಕ್ಷಕಾರ, ಎರಡನೇ ಪಕ್ಷಕಾರ, ಉದ್ದೇಶ ಎಂದು ಕೇಳುತ್ತಾರೆ. ಮೊದಲ ಪಕ್ಷಕಾರ ನೀವು, ಎರಡನೆಯವರು ಕುಲಸಚಿವರು (ಪರೀಕ್ಷಾಂಗ), ಉದ್ದೇಶ ಅಫಿಡವಿಟ್. ಅವಸರದಲ್ಲಿ ಎರಡನೇ ಪಕ್ಷಕಾರರ ಜಾಗದಲ್ಲಿ ಗಂಡನ ಹೆಸರನ್ನೋ ಕಾಲೇಜಿನ ಹೆಸರನ್ನೋ ಹಾಕಿಸಿಕೊಂಡು ಬಂದು, ಮತ್ತೆ ದುಡ್ಡು ಕೊಟ್ಟು ಹೊಸ ಕಾಗದ ತೆಗೆಯುವವರನ್ನು ಕಂಡಿದ್ದೇನೆ.

ಅಫಿಡವಿಟ್ಟಿನಲ್ಲಿ ಆರು ಮಾತು ಇರಲೇಬೇಕು: ಪದವಿ ಪಡೆದದ್ದು ನಾನೇ, ಮೂಲ ಪ್ರಮಾಣಪತ್ರ ಈ ಸಂದರ್ಭದಲ್ಲಿ ಕಳೆದಿದೆ, ಹುಡುಕಿದರೂ ಸಿಕ್ಕಿಲ್ಲ, ಅದನ್ನು ಯಾರಲ್ಲಿಯೂ ಒತ್ತೆ ಇಟ್ಟಿಲ್ಲ, ಯಾವ ಸಂಸ್ಥೆಯೂ ತಡೆಹಿಡಿದಿಲ್ಲ, ಮುಂದೆ ಸಿಕ್ಕಿದರೆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುತ್ತೇನೆ. ಕೊನೆಯದನ್ನು ಟೈಪ್ ಮಾಡುವವರು ಬಿಟ್ಟುಬಿಡುವುದು ಹೆಚ್ಚು. ವಿಶ್ವವಿದ್ಯಾನಿಲಯದ ದೃಷ್ಟಿಯಲ್ಲಿ ಅದೇ ಮುಖ್ಯ, ಒಂದು ಪದವಿಗೆ ಎರಡು ಕಾಗದ ಚಲಾವಣೆಯಲ್ಲಿರುವುದು ಅವರಿಗೆ ಬೇಡ.

ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂದು ಕೆಲವು ವಿಶ್ವವಿದ್ಯಾನಿಲಯಗಳು ಕೇಳುತ್ತವೆ. ನಮೂನೆಯಲ್ಲಿ ಇದ್ದರೆ ಮಾತ್ರ ಕೊಡಿ. ಕೊಟ್ಟರೆ ಪೂರ್ತಿ ಪುಟವನ್ನೇ, ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. ಪ್ರಕಟಣೆಯನ್ನಷ್ಟೇ ಕತ್ತರಿಸಿ ಅಂಟಿಸಿದರೆ ಯಾವ ಪತ್ರಿಕೆ, ಯಾವತ್ತಿನದು ಎಂದು ಗೊತ್ತಾಗುವುದಿಲ್ಲ.

ಹೆಸರಿನ ಸಂಗತಿ

ಕೊಡಗಿನ ಹೆಣ್ಣುಮಕ್ಕಳ ಅರ್ಜಿಗಳು ಹೆಚ್ಚಾಗಿ ತೊಡಕಿಗೆ ಸಿಕ್ಕುವುದು ಇಲ್ಲಿ. ಕೊಡವ ಕುಟುಂಬಗಳಲ್ಲಿ ಇನಿಷಿಯಲ್‌ನ ಮೊದಲ ಅಕ್ಷರ ಮನೆತನದ್ದು, ಎರಡನೆಯದು ತಂದೆಯದು. ಮದುವೆಯಾದ ಮೇಲೆ ಗಂಡನ ಮನೆತನ, ಗಂಡನ ಹೆಸರು ಬಂದು ಎರಡಕ್ಷರವೂ ಬದಲಾಗುತ್ತವೆ. ಆಧಾರ್‌ನಲ್ಲಿ ಹೊಸ ಹೆಸರು, ಅಂಕಪಟ್ಟಿಯಲ್ಲಿ ಹಳೆಯದು. ಕೆಲವರಲ್ಲಿ ಆಧಾರ್‌ನಲ್ಲಿ ಮನೆತನದ ಪೂರ್ತಿ ಹೆಸರು ಮುಂದೆ ಬಂದಿರುತ್ತದೆ, ಅಂಕಪಟ್ಟಿಯಲ್ಲಿ ಬರೀ ಅಕ್ಷರ ಹಿಂದೆ ಇರುತ್ತದೆ. ಈ ಪದ್ಧತಿ ಗೊತ್ತಿಲ್ಲದ ಕಚೇರಿಯವರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಂಡರೆ ತಪ್ಪು ಅವರದಲ್ಲ.

ದ್ವಿಪ್ರತಿ ಬರುವುದು ಪದವಿ ಪಡೆದಾಗ ಇದ್ದ ಹೆಸರಿನಲ್ಲೇ. ಅದರಲ್ಲಿ ಮದುವೆಯ ನಂತರದ ಹೆಸರು ಹಾಕಿಕೊಡಿ ಎಂದು ಈ ಪತ್ರದಲ್ಲಿ ಕೇಳಬೇಡಿ. ಅದು ಹೆಸರು ಬದಲಾವಣೆಯ ಬೇರೆ ಕೋರಿಕೆಯಾಗುತ್ತದೆ, ಎರಡನ್ನೂ ಬೆರೆಸಿದರೆ ಎರಡೂ ಆಗುವುದಿಲ್ಲ. ಪತ್ರದಲ್ಲಿ ಹಳೆಯ ಹೆಸರನ್ನು ಮುಖ್ಯವಾಗಿ ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ತಿಳಿಸಿ, ವಿವಾಹ ನೋಂದಣಿ ಪತ್ರದ ಪ್ರತಿ ಇಡಿ. ಎರಡೂ ಹೆಸರು ಒಬ್ಬರದೇ ಎಂಬ ಸಾಲನ್ನು ಅದೇ ಅಫಿಡವಿಟ್ಟಿಗೆ ಸೇರಿಸಿದರೆ ಇನ್ನೊಂದು ಕಾಗದದ ಖರ್ಚು ಉಳಿಯುತ್ತದೆ.

ಈಗ ಪತ್ರ

ಒಂದೇ ಪುಟ ಸಾಕು. ಕೈಬರಹವಾದರೂ ಆಗುತ್ತದೆ, ಸ್ಫುಟವಾಗಿರಲಿ. ಅರ್ಜಿ ನಮೂನೆ ಇದ್ದರೂ ಪತ್ರ ಬೇಕು. ನಮೂನೆಯ ಚೌಕಗಳಲ್ಲಿ ಹಿಡಿಯದ ಹೆಸರಿನ ವಿವರ, ಕಳೆದ ಸಂದರ್ಭ, ಲಗತ್ತುಗಳ ಪಟ್ಟಿಯನ್ನು ಹೇಳಲು ಇದೇ ಜಾಗ. ದೇಚಮ್ಮನವರ ಪತ್ರ ಹೀಗಿರುತ್ತದೆ:

ಕುಶಾಲನಗರ
ದಿನಾಂಕ: 18-09-2025

ಇವರಿಂದ:
ದೇಚಮ್ಮ ಎಂ.ಪಿ. (ವಿವಾಹಾನಂತರದ ಹೆಸರು: ದೇಚಮ್ಮ ಕೆ.ಬಿ.)
(ಪೂರ್ಣ ಅಂಚೆ ವಿಳಾಸ, ಪಿನ್‌ಕೋಡ್, ಮೊಬೈಲ್ ಸಂಖ್ಯೆ)

ಇವರಿಗೆ:
ಕುಲಸಚಿವರು (ಪರೀಕ್ಷಾಂಗ)
ಮಂಗಳೂರು ವಿಶ್ವವಿದ್ಯಾನಿಲಯ
ಮಂಗಳಗಂಗೋತ್ರಿ – 574199
ದಕ್ಷಿಣ ಕನ್ನಡ ಜಿಲ್ಲೆ

ಮಾನ್ಯರೇ,

ವಿಷಯ: ಕಳೆದುಹೋದ ಬಿ.ಕಾಂ. ಪದವಿ ಪ್ರಮಾಣಪತ್ರದ ದ್ವಿಪ್ರತಿ ನೀಡುವಂತೆ ಕೋರಿಕೆ. ನೋಂದಣಿ ಸಂಖ್ಯೆ: ………; ಏಪ್ರಿಲ್ 2004ರ ಪರೀಕ್ಷೆ.

ಉಲ್ಲೇಖ: ಕುಶಾಲನಗರ ಪೊಲೀಸ್ ಠಾಣೆಯ ಹಿಂಬರಹ ಸಂಖ್ಯೆ ………, ದಿನಾಂಕ 11-09-2025.

ನಾನು ಗೋಣಿಕೊಪ್ಪಲಿನ ……… ಕಾಲೇಜಿನ ವಿದ್ಯಾರ್ಥಿನಿಯಾಗಿ ಏಪ್ರಿಲ್ 2004ರಲ್ಲಿ ನಡೆದ ಅಂತಿಮ ಬಿ.ಕಾಂ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದು, ಅದರ ಮುಂದಿನ ಘಟಿಕೋತ್ಸವದಲ್ಲಿ ಗೈರುಹಾಜರಿಯಲ್ಲಿ ಪದವಿ ಪ್ರಮಾಣಪತ್ರವನ್ನು ಪಡೆದಿರುತ್ತೇನೆ. ಆಗಿನ ದಾಖಲೆಗಳಲ್ಲಿ ನನ್ನ ಹೆಸರು ದೇಚಮ್ಮ ಎಂ.ಪಿ. ಎಂದಿದ್ದು, ವಿವಾಹಾನಂತರ ದೇಚಮ್ಮ ಕೆ.ಬಿ. ಎಂದಾಗಿರುತ್ತದೆ. ದ್ವಿಪ್ರತಿಯನ್ನು ಮೂಲ ದಾಖಲೆಯಲ್ಲಿರುವ ಹೆಸರಿನಲ್ಲೇ ನೀಡಬೇಕೆಂದು ಕೋರುತ್ತೇನೆ.

ಸದರಿ ಮೂಲ ಪ್ರಮಾಣಪತ್ರವು 2024ರ ಮೇ ತಿಂಗಳಿನಲ್ಲಿ ಗೋಣಿಕೊಪ್ಪಲಿನಿಂದ ಕುಶಾಲನಗರಕ್ಕೆ ಮನೆ ಬದಲಾಯಿಸಿದ ಸಂದರ್ಭದಲ್ಲಿ ಕಳೆದುಹೋಗಿದ್ದು, ದಿನಾಂಕ 09-09-2025ರಂದು ನನ್ನ ಗಮನಕ್ಕೆ ಬಂದಿರುತ್ತದೆ. ಹುಡುಕಿದರೂ ಸಿಕ್ಕಿರುವುದಿಲ್ಲ. ಈ ಬಗ್ಗೆ ಪೊಲೀಸ್ ಠಾಣೆಗೆ ದೂರು ನೀಡಿ ಮೇಲೆ ಉಲ್ಲೇಖಿಸಿದ ಹಿಂಬರಹವನ್ನು ಪಡೆದಿರುತ್ತೇನೆ ಹಾಗೂ ದಿನಾಂಕ 15-09-2025ರಂದು ನೋಟರಿಯವರ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ಟನ್ನು ಲಗತ್ತಿಸಿರುತ್ತೇನೆ.

ನಿಗದಿತ ಶುಲ್ಕ ರೂ. ………ನ್ನು ದಿನಾಂಕ ………ರಂದು ಪಾವತಿಸಿದ್ದು, ರಶೀದಿ ಸಂಖ್ಯೆ ………. ಮುಂದೆ ಮೂಲ ಪ್ರಮಾಣಪತ್ರ ದೊರೆತಲ್ಲಿ ಅದನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುತ್ತೇನೆ.

ಆದ್ದರಿಂದ ನನ್ನ ಬಿ.ಕಾಂ. ಪದವಿ ಪ್ರಮಾಣಪತ್ರದ ದ್ವಿಪ್ರತಿಯನ್ನು ಮೇಲಿನ ವಿಳಾಸಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)
ದೇಚಮ್ಮ ಎಂ.ಪಿ.

ಲಗತ್ತುಗಳು: 1. ಭರ್ತಿ ಮಾಡಿದ ಅರ್ಜಿ ನಮೂನೆ 2. ಪೊಲೀಸ್ ಹಿಂಬರಹ (ಮೂಲ) 3. ಅಫಿಡವಿಟ್ (ಮೂಲ) 4. ಎಲ್ಲ ವರ್ಷಗಳ ಅಂಕಪಟ್ಟಿಗಳ ದೃಢೀಕೃತ ಪ್ರತಿ 5. ವಿವಾಹ ನೋಂದಣಿ ಪತ್ರದ ಪ್ರತಿ 6. ಆಧಾರ್ ಪ್ರತಿ 7. ಶುಲ್ಕ ಪಾವತಿ ರಶೀದಿ

ಇದರಲ್ಲಿ ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ನೋಂದಣಿ ಸಂಖ್ಯೆ ವಿಷಯದ ಸಾಲಿನಲ್ಲೇ ಇದೆ. ದಾಖಲೆ ಹುಡುಕುವುದೇ ಆ ಸಂಖ್ಯೆಯಿಂದ, ಹೆಸರಿನಿಂದಲ್ಲ. ಒಂದೇ ವರ್ಷ ಪಾಸಾದ ದೇಚಮ್ಮಂದಿರು ಎಷ್ಟು ಮಂದಿ ಇದ್ದಾರೋ. ಅಂಕಪಟ್ಟಿಯೂ ಇಲ್ಲವಾದರೆ ಕಾಲೇಜಿನ ಫಲಿತಾಂಶ ವಹಿಯಿಂದ ಸಂಖ್ಯೆ ಬರೆಸಿಕೊಂಡು, ಪ್ರಾಂಶುಪಾಲರ ಸಹಿ ಮೊಹರಿನೊಂದಿಗೆ ಒಂದು ದೃಢೀಕರಣ ಪಡೆಯಿರಿ. ಆಗ ಅಂಕಪಟ್ಟಿಗಳ ದ್ವಿಪ್ರತಿಗೂ ಬೇರೆ ಅರ್ಜಿ, ಬೇರೆ ಶುಲ್ಕ ಬೇಕು. ‘ಎಲ್ಲವನ್ನೂ ಕೊಡಿ’ ಎಂದು ಒಂದೇ ಪತ್ರದಲ್ಲಿ ಕೇಳಿದರೆ ಶುಲ್ಕ ಯಾವುದಕ್ಕೆ ಕಟ್ಟಿದ್ದೆಂದು ಅವರಿಗೆ ತಿಳಿಯುವುದಿಲ್ಲ.

ಪಾಸಾದ ವರ್ಷವನ್ನೂ ಘಟಿಕೋತ್ಸವದ ವರ್ಷವನ್ನೂ ಜನ ಬೆರೆಸುತ್ತಾರೆ. ಪರೀಕ್ಷೆ 2004ರಲ್ಲಿ ಆದರೆ ಘಟಿಕೋತ್ಸವ ಮರುವರ್ಷ ನಡೆದಿರಬಹುದು. ಪದವಿ ಪ್ರಮಾಣಪತ್ರದ ಮೇಲಿರುವುದು ಘಟಿಕೋತ್ಸವದ ದಿನಾಂಕ. ನೆನಪಿಲ್ಲದಿದ್ದರೆ ಊಹಿಸಿ ಬರೆಯುವುದಕ್ಕಿಂತ ದೇಚಮ್ಮನವರಂತೆ ‘ಅದರ ಮುಂದಿನ ಘಟಿಕೋತ್ಸವದಲ್ಲಿ’ ಎಂದರೆ ಸಾಕು, ಪರೀಕ್ಷೆಯ ತಿಂಗಳು ಮತ್ತು ವರ್ಷ ಸರಿಯಿದ್ದರೆ ಉಳಿದದ್ದನ್ನು ಅವರೇ ಕಂಡುಕೊಳ್ಳುತ್ತಾರೆ.

ಮನೆಯ ಕಷ್ಟ, ಉದ್ಯೋಗದ ಅನಿವಾರ್ಯತೆ ಪತ್ರದಲ್ಲಿ ಇಲ್ಲ. ಸಂದರ್ಶನದ ದಿನಾಂಕ ಹತ್ತಿರವಿದ್ದರೆ ಮಾತ್ರ ಒಂದು ಸಾಲು ಬರೆದು, ಕರೆಪತ್ರದ ಪ್ರತಿ ಇಡಿ. ಕರೆಪತ್ರ ಇಲ್ಲದ ಆತುರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶುಲ್ಕದ ಮೊತ್ತವನ್ನು ನೆಂಟರನ್ನೋ ಹಳೆಯ ಸಹಪಾಠಿಯನ್ನೋ ಕೇಳಿ ಕಟ್ಟಬೇಡಿ; ಅದು ಪರಿಷ್ಕರಣೆಯಾಗುತ್ತಲೇ ಇರುತ್ತದೆ, ಹಳೆಯ ಪದವಿಗಳಿಗೆ ಹೆಚ್ಚುವರಿ ಶುಲ್ಕವೂ ಇರಬಹುದು. ವಿಶ್ವವಿದ್ಯಾನಿಲಯದ ಜಾಲತಾಣದಲ್ಲಿರುವ ಈಗಿನ ನಮೂನೆಯನ್ನೇ ನೋಡಿ. ಕಡಿಮೆ ಕಟ್ಟಿದರೆ ಉಳಿಕೆ ಕಟ್ಟಿ ಎಂಬ ಪತ್ರ ನಿಮಗೆ ಬರುವವರೆಗೆ ಕಡತ ಅಲ್ಲೇ ಕೂರುತ್ತದೆ.

ಕಳುಹಿಸುವುದು, ಬೆನ್ನು ಹತ್ತುವುದು

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಗೆ ಹೋಗಿಬರುವುದೆಂದರೆ ಒಂದು ಇಡೀ ದಿನ. ಮಳೆಗಾಲದಲ್ಲಿ ರಸ್ತೆಯನ್ನು ನಂಬುವಂತೆಯೂ ಇಲ್ಲ. ಕಾಗದಪತ್ರ ಸರಿಯಾಗಿದ್ದರೆ ಅಂಚೆಯೇ ಸಾಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿರುವುದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ. ರಶೀದಿಯ ಸಂಖ್ಯೆ ನಿಮ್ಮ ಬಳಿ ಇರಲಿ. ಲಕೋಟೆಯ ಮೇಲೆ ‘ಪದವಿ ಪ್ರಮಾಣಪತ್ರ ದ್ವಿಪ್ರತಿ ಅರ್ಜಿ’ ಎಂದು ಬರೆಯುವುದು ಟಪಾಲು ಶಾಖೆಯವರಿಗೆ ಉಪಕಾರ. ಕಳುಹಿಸುವ ಮೊದಲು ಹಿಂಬರಹ, ಅಫಿಡವಿಟ್, ರಶೀದಿ ಎಲ್ಲದರ ಜೆರಾಕ್ಸ್ ತೆಗೆದಿಡಿ, ಏಕೆಂದರೆ ಮೂಲಗಳು ನಿಮ್ಮ ಕೈ ಬಿಡುತ್ತಿವೆ.

ನೇರವಾಗಿ ಹೋಗುವವರು ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ವಿಷಯ ನಿರ್ವಾಹಕರ ಕೈಗೇ ಕೊಟ್ಟು ‘ಆಯ್ತು ಸಾರ್’ ಎಂದು ಬಂದರೆ ಪತ್ರ ಕೊಟ್ಟದ್ದಕ್ಕೆ ಗುರುತು ಇರುವುದಿಲ್ಲ. ನೀವು ಸೈನ್ಯದಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ಮನೆಯವರನ್ನು ಕಳುಹಿಸುವುದಾದರೆ, ಅವರ ಹೆಸರಿಗೆ ನಿಮ್ಮ ಸಹಿಯ ಅಧಿಕಾರ ಪತ್ರ ಮತ್ತು ಇಬ್ಬರ ಗುರುತಿನ ಚೀಟಿಯ ಪ್ರತಿ ಕೊಟ್ಟು ಕಳುಹಿಸಿ. ಅರ್ಜಿ, ಅಫಿಡವಿಟ್ಟಿನ ಸಹಿ ಮಾತ್ರ ನಿಮ್ಮದೇ ಆಗಿರಬೇಕು.

ಆಮೇಲೆ ಕಾಯುವ ಸರದಿ. ಹಳೆಯ ವರ್ಷದ ದಾಖಲೆಯಾದರೆ ಕಟ್ಟಿಟ್ಟ ವಹಿಗಳಿಂದ ತೆಗೆಯಬೇಕಾಗುತ್ತದೆ, ತಡವಾಗುವುದು ಸಹಜ. ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಹೊಸ ಅರ್ಜಿ ಹಾಕಬೇಡಿ. ಒಂದೇ ಕೋರಿಕೆಗೆ ಎರಡು ಕಡತ ಹುಟ್ಟಿ ಎರಡೂ ಒಂದಕ್ಕೊಂದು ಕಾಯುತ್ತವೆ. ಮೊದಲ ಪತ್ರದ ದಿನಾಂಕ, ಅಂಚೆ ಸಂಖ್ಯೆ, ಶುಲ್ಕದ ರಶೀದಿ ಸಂಖ್ಯೆ ಹೇಳಿ ‘ಜ್ಞಾಪನ’ ಎಂದು ತಲೆಬರಹ ಹಾಕಿ ನಾಲ್ಕು ಸಾಲು ಬರೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ವಿಶ್ವವಿದ್ಯಾನಿಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಈ ದಿನಾಂಕದ ನನ್ನ ಅರ್ಜಿಯ ಕಡತ ಸಂಖ್ಯೆ ಏನು, ಈಗ ಯಾರ ಬಳಿ ಇದೆ, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಬಹಳ ಸಲ ಉತ್ತರಕ್ಕಿಂತ ಮೊದಲು ಕಡತವೇ ಕದಲುತ್ತದೆ.

ದ್ವಿಪ್ರತಿ ಕೈಗೆ ಬಂದ ದಿನವೇ ಲಕೋಟೆ ಬಿಡಿಸಿ ಓದಿ. ಅದರ ಮೇಲೆ ದ್ವಿಪ್ರತಿ ಎಂಬ ಗುರುತು ಇರುತ್ತದೆ; ಅದು ದೋಷವಲ್ಲ, ಮೂಲದಷ್ಟೇ ಬೆಲೆ ಅದಕ್ಕಿದೆ. ನೋಡಬೇಕಾದ್ದು ಹೆಸರಿನ ಕಾಗುಣಿತ, ಇನಿಷಿಯಲ್‌ಗಳ ಕ್ರಮ, ನೋಂದಣಿ ಸಂಖ್ಯೆ, ದರ್ಜೆ, ಪರೀಕ್ಷೆಯ ವರ್ಷ. ಅಂಕಪಟ್ಟಿಯ ಪಕ್ಕ ಇಟ್ಟು ಒಂದೊಂದನ್ನೇ ಹೋಲಿಸಿ. ತಪ್ಪಿದ್ದರೆ ತಕ್ಷಣ, ಬಂದ ಲಕೋಟೆ ಮತ್ತು ಅಂಕಪಟ್ಟಿಯ ಪ್ರತಿಯ ಸಮೇತ ವಾಪಸು ಕಳುಹಿಸಿ. ಕೆಲವು ವರ್ಷ ಬಿಟ್ಟು ನೋಡಿದರೆ ಕಚೇರಿಯ ತಪ್ಪನ್ನು ತಿದ್ದಿಸಲಿಕ್ಕೂ ನೀವೇ ಶುಲ್ಕ ಕಟ್ಟಿ, ಮತ್ತೊಂದು ಅಫಿಡವಿಟ್ ಮಾಡಿಸಬೇಕಾದೀತು.